ಸೌಂಡ್ ಜಾಸ್ತಿ ಮಾಡಿದರೆ ಬ್ಲೂಟೂತ್ ಕಟ್: ಟ್ರಾಲಿ ಸ್ಪೀಕರ್ ರಿಪೇರಿಯ ಲೆಕ್ಕ

ನಮ್ಮ ಬೀದಿಯ ಹುಡುಗರ ಸಂಘಕ್ಕೆ ಒಂದು ಟ್ರಾಲಿ ಸ್ಪೀಕರ್ ಇದೆ. 12 ಇಂಚಿನ ಒಂದೇ ವೂಫರ್, ಮೇಲೆ ಚಿಕ್ಕ ಟ್ವೀಟರ್, ಹಿಂದೆ ಬ್ಲೂಟೂತ್, ಪೆನ್ ಡ್ರೈವ್, ಮೈಕ್ ಎಲ್ಲ ಇರುವ ಪ್ಯಾನಲ್. ಕೆಳಗೆ ಎರಡು ಗಾಲಿ. ಮೂರು ವರ್ಷದ ಹಿಂದೆ ಚಂದಾ ಎತ್ತಿ 7,500 ರೂಪಾಯಿಗೆ ತಂದಿದ್ದು. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ಯಾರದಾದರೂ ಮನೆಯ ಹುಟ್ಟುಹಬ್ಬಕ್ಕೆ ಹೊರಗೆ ಬರುತ್ತದೆ. ಮಿಕ್ಕ ದಿನವೆಲ್ಲ ದೇವಸ್ಥಾನದ ಪಕ್ಕದ ಕೋಣೆಯಲ್ಲಿ ಶಾಮಿಯಾನದ ಬಟ್ಟೆಯ ಕೆಳಗೆ ಬಿದ್ದಿರುತ್ತದೆ. ಈ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನವೆಂಬರ್ 1, ಶನಿವಾರ

ರಾಜ್ಯೋತ್ಸವದ ಸಂಜೆ. ಮಕ್ಕಳ ಡ್ಯಾನ್ಸ್ ಶುರುವಾಗಿ ಎರಡು ನಿಮಿಷ ಆಗಿರಬೇಕು. ತಮಟೆ ಬೀಟ್ ಬರುವ ಜಾಗದಲ್ಲಿ ಸ್ಪೀಕರ್ ಗೊರ್ ಗೊರ್ ಅಂದಿತು, ಹಾಡು ನಿಂತಿತು, ಒಳಗಿನಿಂದ ಹೆಂಗಸಿನ ದನಿ 'ಬ್ಲೂಟೂತ್ ಮೋಡ್' ಅಂತ ಹೇಳಿತು. ಮಕ್ಕಳು ಕೈ ಎತ್ತಿದ್ದು ಎತ್ತಿದ ಹಾಗೇ ನಿಂತವು. ಮತ್ತೆ ಜೋಡಿಸಿ ಹಾಡು ಹಾಕಿದೆವು. ಅದೇ ಜಾಗಕ್ಕೆ ಬಂದಾಗ ಮತ್ತೆ ಅದೇ. ನಾಲ್ಕು ಸಲ ಹೀಗಾದ ಮೇಲೆ ಸೌಂಡ್ ಅರ್ಧಕ್ಕೆ ಇಳಿಸಿ ಕಾರ್ಯಕ್ರಮ ಮುಗಿಸಿದೆವು. 'ಅಣ್ಣಾ, ನೀನೇ ನೋಡಪ್ಪ' ಅಂತ ಸ್ಪೀಕರನ್ನು ನಮ್ಮ ಮನೆ ಜಗಲಿಗೆ ತಳ್ಳಿಕೊಂಡು ಬಂದರು.

ಆಗಸ್ಟ್‌ನಲ್ಲಿ ಗಣೇಶನ ಹಬ್ಬದಲ್ಲೂ ಸ್ವಲ್ಪ ಗೊರಗುಟ್ಟಿತ್ತು. ಆಗ ಹಾಡಿನ ಫೈಲೇ ಸರಿ ಇಲ್ಲ ಅಂದುಕೊಂಡಿದ್ದೆವು.

ನವೆಂಬರ್ 2, ಭಾನುವಾರ

ದೂರು ಎರಡು. ಒಂದು, ಸೌಂಡ್ ಏರಿಸಿದರೆ ದನಿ ಒಡೆಯುತ್ತದೆ. ಇನ್ನೊಂದು, ಬ್ಲೂಟೂತ್ ಕಟ್ ಆಗುತ್ತದೆ. ನಾನು ಮಾಡಿದ ಮೊದಲ ತಪ್ಪು ಇಲ್ಲೇ. ಇವೆರಡೂ ಬೇರೆ ಬೇರೆ ಕಾಯಿಲೆ ಅಂತ ತೀರ್ಮಾನ ಮಾಡಿ ಬ್ಲೂಟೂತ್‌ನಿಂದ ಶುರು ಮಾಡಿದೆ.

ಫೋನಿನಲ್ಲಿ ಹಳೆಯ ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿದೆ. ಹೆಂಡತಿಯ ಫೋನಿನಿಂದ ನೋಡಿದೆ. ಪಕ್ಕದ ಮನೆ ಹುಡುಗನ ಫೋನಿನಿಂದಲೂ ನೋಡಿದೆ. ಸೌಂಡ್ 30ರಲ್ಲಿ 15 ಇದ್ದಾಗ ಗಂಟೆಗಟ್ಟಲೆ ಚೆನ್ನಾಗಿ ಹಾಡುತ್ತದೆ. 22 ದಾಟಿದರೆ ಕಟ್. ಫೋನ್ ಯಾವುದಾದರೂ ಅಷ್ಟೇ.

ಹಿಂದಿನ ಪ್ಯಾನಲ್ಲಿನ ಎಂಟು ಸ್ಕ್ರೂ ಬಿಚ್ಚಿದೆ. ಒಳಗೆ ಮೂರೇ ವಸ್ತು. 12 ವೋಲ್ಟ್ 7 ಆ್ಯಂಪ್ ಅವರ್‌ನ ಸೀಲ್ಡ್ ಲೆಡ್ ಆ್ಯಸಿಡ್ ಬ್ಯಾಟರಿ, ಅಂದರೆ ಯುಪಿಎಸ್‌ನಲ್ಲಿ ಇರುತ್ತದಲ್ಲ ಅದೇ. ಹೀಟ್‌ಸಿಂಕ್ ಇರುವ ಒಂದು ಆ್ಯಂಪ್ಲಿಫೈಯರ್ ಬೋರ್ಡ್, ಮುಂದೆ ಇದನ್ನು ಆ್ಯಂಪ್ ಅಂತಲೇ ಕರೆಯುತ್ತೇನೆ. ಬ್ಲೂಟೂತ್, ಯುಎಸ್‌ಬಿ, ಎಫ್‌ಎಂ ಎಲ್ಲ ಒಟ್ಟಿಗಿರುವ ಒಂದು ಚಿಕ್ಕ ಬೋರ್ಡ್. ಚಾರ್ಜರ್ ಹೊರಗಡೆ ಬೇರೆ ಇದೆ, 15 ವೋಲ್ಟ್ 2 ಆ್ಯಂಪ್. ಕೆಲವು ಸ್ಪೀಕರ್‌ಗಳಲ್ಲಿ ಕರೆಂಟಿನ ಪವರ್ ಸಪ್ಲೈ ಪೆಟ್ಟಿಗೆಯ ಒಳಗೇ ಇರುತ್ತದೆ. ಅಂಥದ್ದಾದರೆ ಪ್ಲಗ್ ಕಿತ್ತ ಮೇಲೂ ಆ ಬೋರ್ಡಿಗೆ ಬೆರಳು ತಾಗಿಸಬೇಡಿ. ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಸ್ವಲ್ಪ ಹೊತ್ತು ಉಳಿದಿರುತ್ತದೆ.

ರಾತ್ರಿಯೆಲ್ಲ ಚಾರ್ಜ್ ಆಗಿದ್ದ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದೆ. 12.6 ವೋಲ್ಟ್. 'ಬ್ಯಾಟರಿ ಚೆನ್ನಾಗಿದೆ' ಅಂತ ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಬೇರೆ ಹಾಕಿದೆ. ಇದು ಎರಡನೇ ತಪ್ಪು. ದುಡ್ಡು ಖರ್ಚಾಗಿದ್ದು ಇದರಿಂದಲೇ.

ಬ್ಯಾಟರಿ ಸರಿ ಇದ್ದರೆ ಬ್ಲೂಟೂತ್ ಬೋರ್ಡ್ ಕೆಟ್ಟಿರಬೇಕು ಅಲ್ವಾ? ಆನ್‌ಲೈನ್‌ನಲ್ಲಿ ಅದೇ ಅಳತೆಯ, ಬೋರ್ಡ್ ಸಮೇತದ ಪ್ಯಾನಲ್ ಹುಡುಕಿ 380 ರೂಪಾಯಿಗೆ ಆರ್ಡರ್ ಮಾಡಿದೆ.

ನವೆಂಬರ್ 5, ಬುಧವಾರ

ಪ್ಯಾನಲ್ ಬಂತು. ಈ ಬೋರ್ಡುಗಳು 5 ವೋಲ್ಟಿನದು, 12 ವೋಲ್ಟಿನದು ಅಂತ ಎರಡು ತರಹ ಬರುತ್ತವೆ. ನೋಡಲು ಒಂದೇ ತರಹ ಇರುತ್ತವೆ. 5 ವೋಲ್ಟಿನದಕ್ಕೆ 12 ಕೊಟ್ಟರೆ ಅಲ್ಲೇ ಸತ್ತುಹೋಗುತ್ತದೆ. ನನ್ನದು 12 ವೋಲ್ಟಿನದೇ, ಅದನ್ನು ಸರಿಯಾಗಿ ನೋಡಿಯೇ ತರಿಸಿದ್ದೆ. ಆದರೆ ಆಡಿಯೋ ಹೊರಬರುವ ಮೂರು ಪಿನ್ನಿನ ಸಾಲು ಹಳೆಯದರಲ್ಲಿ ಎಡ, ಗ್ರೌಂಡ್, ಬಲ ಅಂತಿತ್ತು. ಹೊಸದರಲ್ಲಿ ಗ್ರೌಂಡ್ ತುದಿಗೆ ಬಂದಿತ್ತು. ಹಳೆಯ ಸಾಕೆಟ್ ಹಾಗೇ ಚುಚ್ಚಿ ಆನ್ ಮಾಡಿದೆ. ಗುಂಯ್ ಅಂತ ಮನೆಯೆಲ್ಲ ನಡುಗುವ ಹಾಗೆ ಹಮ್ಮಿಂಗ್. ಒಳಗಿನಿಂದ ಅಮ್ಮ, 'ಏನೋ ಅದು, ಹೊಲದ ಮೋಟ್ರು ತಂದು ಹಾಕಿದ್ಯಾ?' ಅಂದರು. ಬೋರ್ಡಿನ ಹಿಂದೆ ಪಿನ್ನಿನ ಪಕ್ಕ ಅಕ್ಷರ ಅಚ್ಚಾಗಿರುತ್ತದೆ. ಅದನ್ನು ನೋಡಿ ವೈರ್ ಬದಲಿಸಿದ ಮೇಲೆ ಸರಿ ಹೋಯಿತು.

ಹಾಡು ಹಾಕಿದೆ. ಹೊಸ ಪ್ಯಾನಲ್ಲಿನ ಡಿಸ್‌ಪ್ಲೇ ದೊಡ್ಡದು, ನೋಡಲು ಚೆಂದ. ಸೌಂಡ್ 22ಕ್ಕೆ ಏರಿಸಿದೆ. ಗೊರ್ ಗೊರ್, ಕಟ್, 'ಬ್ಲೂಟೂತ್ ಮೋಡ್'.

380 ರೂಪಾಯಿ ನೀರಿಗೆ ಹೋಯಿತು. ಹಳೆಯ ಪ್ಯಾನಲ್ ಕೆಟ್ಟೇ ಇರಲಿಲ್ಲ. ಈಗ ಅದನ್ನು ಡಬ್ಬದಲ್ಲಿ ಇಟ್ಟಿದ್ದೇನೆ.

ನವೆಂಬರ್ 8, ಶನಿವಾರ

ಮೊದಲ ದಿನವೇ ಮಾಡಬೇಕಿದ್ದ ಕೆಲಸ ಇವತ್ತು ಮಾಡಿದೆ. ಅದೇ ಹಾಡನ್ನು ಪೆನ್ ಡ್ರೈವ್‌ಗೆ ಹಾಕಿ ಅದರಿಂದ ನುಡಿಸಿದೆ. ಪೆನ್ ಡ್ರೈವ್‌ನಲ್ಲಿ ಬ್ಲೂಟೂತ್ ಇಲ್ಲ, ಫೋನ್ ಇಲ್ಲ, ಜೋಡಣೆಯ ತಂಟೆಯೂ ಇಲ್ಲ. 22ಕ್ಕೆ ಏರಿಸಿದೆ. ಅಲ್ಲೂ ಗೊರಗುಟ್ಟಿ, ಹಾಡು ನಿಂತು, ಡಿಸ್‌ಪ್ಲೇ ಒಮ್ಮೆ ಆರಿ, `bLUE` ಅಂತ ತೋರಿಸಿತು. ಅಂದರೆ ಬ್ಲೂಟೂತ್ ಕಟ್ ಆಗುತ್ತಲೇ ಇರಲಿಲ್ಲ. ಬೋರ್ಡೇ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಆನ್ ಆದಾಗ ಅದು ತಾನಾಗಿ ಬ್ಲೂಟೂತ್ ಮೋಡ್‌ಗೆ ಹೋಗಿ ನಿಲ್ಲುತ್ತದೆ. ನಮಗೆ ಮಾತ್ರ ಬ್ಲೂಟೂತ್ ಬಿಟ್ಟುಹೋದ ಹಾಗೆ ಕಾಣುತ್ತದೆ.

ಇವೆರಡರ ವ್ಯತ್ಯಾಸ ಗುರುತಿಸುವುದು ಸುಲಭ. ನಿಜವಾಗಿ ಬ್ಲೂಟೂತ್ ಬಿಟ್ಟುಹೋದರೆ ಡಿಸ್‌ಪ್ಲೇ ಆರುವುದಿಲ್ಲ, ನೀವು ಇಟ್ಟ ಸೌಂಡ್ ಹಾಗೇ ಇರುತ್ತದೆ, ಬೋರ್ಡ್ 'ಡಿಸ್‌ಕನೆಕ್ಟೆಡ್' ಅನ್ನುತ್ತದೆ ಅಥವಾ ಟುಂಯ್ ಅಂತ ಒಂದು ಸದ್ದು ಮಾಡಿ ಹುಡುಕಲು ಶುರು ಮಾಡುತ್ತದೆ. ಬೋರ್ಡ್ ರೀಸ್ಟಾರ್ಟ್ ಆಗಿದ್ದರೆ ಡಿಸ್‌ಪ್ಲೇ ಕಣ್ಣು ಮಿಟುಕಿಸುತ್ತದೆ, ಆನ್ ಮಾಡಿದಾಗ ಹೇಳುವ ಮಾತನ್ನೇ ಹೇಳುತ್ತದೆ, ನನ್ನದರಲ್ಲಾದರೆ ಸೌಂಡ್ ಮತ್ತೆ 15ಕ್ಕೆ ಬಂದು ಕೂರುತ್ತದೆ. ರಾಜ್ಯೋತ್ಸವದ ದಿನವೇ ಆ ಹೆಂಗಸಿನ ದನಿ ಇದನ್ನೇ ಹೇಳಿತ್ತು. ನಾವು ಯಾರೂ ಕೇಳಿಸಿಕೊಳ್ಳಲಿಲ್ಲ ಅಷ್ಟೇ.

ದೀಪ ಆರಿಸಿ ಕತ್ತಲೆಯಲ್ಲಿ ನೋಡಿದೆ. ಸೌಂಡ್ 20ರಲ್ಲಿ ಇದ್ದಾಗ, ಒಂದೊಂದು ತಮಟೆ ಪೆಟ್ಟಿಗೂ ಡಿಸ್‌ಪ್ಲೇ ಮಂಕಾಗಿ ಮತ್ತೆ ಬೆಳಗುತ್ತಿತ್ತು. ಹಾಡಿಗೆ ತಕ್ಕ ಹಾಗೆ ಉಸಿರಾಡಿದಂತೆ. ಇಲ್ಲಿಗೆ ಅನುಮಾನ ಪೂರ್ತಿ ಬ್ಯಾಟರಿ ಕಡೆ ತಿರುಗಿತು. ಮೀಟರನ್ನು ಆ್ಯಂಪ್ ಬೋರ್ಡಿನ ಪವರ್ ಪಿನ್ನಿಗೆ ಸಿಕ್ಕಿಸಿ ಸೌಂಡ್ ಏರಿಸುತ್ತಾ ಹೋದೆ. 12.3 ಇದ್ದದ್ದು 15ರಲ್ಲಿ 11.2, 20ರಲ್ಲಿ 9ರ ಆಸುಪಾಸು, ಕಟ್ ಆಗುವ ಮುಂಚೆ 8.1 ತೋರಿಸಿತು. ಮೀಟರ್ ನಿಧಾನ. ಪೆಟ್ಟು ಬಿದ್ದ ಕ್ಷಣದಲ್ಲಿ ವೋಲ್ಟೇಜ್ ಎಷ್ಟು ಕೆಳಗೆ ಹೋಗುತ್ತದೆ ಅಂತ ಅದಕ್ಕೆ ಹಿಡಿಯಲು ಆಗುವುದಿಲ್ಲ, ಸರಾಸರಿ ಮಾತ್ರ ತೋರಿಸುತ್ತದೆ. ಬ್ಲೂಟೂತ್ ಬೋರ್ಡಿನ ಚಿಪ್‌ಗೆ 5 ವೋಲ್ಟ್ ಕೊಡಲು ಅದರ ಮೇಲೆಯೇ 7805 ಅನ್ನುವ ರೆಗ್ಯುಲೇಟರ್ ಕೂತಿದೆ. ಅದಕ್ಕೆ ಹಿಂದಿನಿಂದ ಸುಮಾರು 7 ವೋಲ್ಟ್ ಸಿಗದಿದ್ದರೆ ಮುಂದೆ 5 ಕೊಡಲು ಆಗುವುದಿಲ್ಲ. ಸರಾಸರಿಯೇ 8 ಅಂದರೆ ಪೆಟ್ಟಿನ ಕ್ಷಣದಲ್ಲಿ 7ಕ್ಕಿಂತ ಕೆಳಗೆ ಹೋಗಿಯೇ ಇರುತ್ತದೆ.

ದನಿ ಒಡೆಯುವುದಕ್ಕೂ ಇದೇ ಕಾರಣ. ಆ್ಯಂಪ್ ತನಗೆ ಸಿಕ್ಕಿದ ವೋಲ್ಟೇಜ್‌ಗಿಂತ ಎತ್ತರದ ಅಲೆ ಕಳಿಸಲಾರದು. ಬ್ಯಾಟರಿ ಕುಸಿದಷ್ಟೂ ಅಲೆಯ ತಲೆ ಚಪ್ಪಟೆಯಾಗುತ್ತದೆ. ಕಿವಿಗೆ ಅದೇ ಗೊರ್ ಗೊರ್ ಅಂತ ಕೇಳುತ್ತದೆ.

ಹಾಗಾದರೆ 12.6 ತೋರಿಸಿದ ಬ್ಯಾಟರಿ? ಸುಮ್ನೆ ಕೂತಿರುವಾಗ ಮುದಿ ಬ್ಯಾಟರಿಯೂ 12.6 ತೋರಿಸುತ್ತದೆ. ಅದಕ್ಕೆ ಕೆಲಸ ಕೊಟ್ಟು ನೋಡಬೇಕು. ಗ್ಯಾರೇಜಿನಿಂದ ಕಾರಿನ ಹಳೆಯ ಹೆಡ್‌ಲೈಟ್ ಬಲ್ಬ್ ತಂದೆ. ಅದರ 55 ವ್ಯಾಟಿನ ಫಿಲಮೆಂಟ್ ಸುಮಾರು 4.5 ಆ್ಯಂಪ್ ಎಳೆಯುತ್ತದೆ. ಬ್ಯಾಟರಿಯನ್ನು ಸ್ಪೀಕರ್‌ನಿಂದ ಬಿಚ್ಚಿ, ಬಲ್ಬ್ ಕೊಟ್ಟು, ಮೀಟರನ್ನು ಬ್ಯಾಟರಿಯ ಮೇಲೆಯೇ ಹಿಡಿದೆ. ಹಚ್ಚಿದ ಕೂಡಲೇ 10.9. ಅರ್ಧ ನಿಮಿಷಕ್ಕೆ 9.8. ಒಂದು ನಿಮಿಷಕ್ಕೆ 8.6, ಬಲ್ಬ್ ಕೆಂಪಗಾಯಿತು. ಬಿಚ್ಚಿ ಐದು ನಿಮಿಷ ಬಿಟ್ಟು ನೋಡಿದರೆ ಮತ್ತೆ 12.3, ಏನೂ ಆಗಿಲ್ಲ ಅನ್ನುವ ಹಾಗೆ. ನಾನು ಮೋಸ ಹೋಗಿದ್ದು ಹೀಗೆ.

ಬಲ್ಬಿನ ವಿಷಯದಲ್ಲಿ ಒಂದು ಮಾತು. ಅದು ಭಯಂಕರ ಬಿಸಿಯಾಗುತ್ತದೆ. ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಇಟ್ಟಿದ್ದೆ. ಸ್ಟೂಲಿನಲ್ಲಿ ಈಗ ರೂಪಾಯಿ ಅಗಲದ ಗುಂಡಿ ಇದೆ. ಹೆಂಚಿನ ಚೂರೋ ಕಲ್ಲೋ ಇಟ್ಟುಕೊಳ್ಳಿ.

ಇನ್ನೊಂದು ಗೊಂದಲ ಇತ್ತು. ರಾಜ್ಯೋತ್ಸವದ ದಿನ ಚಾರ್ಜರ್ ಸಿಕ್ಕಿಸಿಯೇ ಇಟ್ಟಿದ್ದೆವು. ಕರೆಂಟ್ ಇದ್ದರೂ ಯಾಕೆ ಹೀಗಾಯಿತು? ವೈರ್ ಹಿಂಬಾಲಿಸಿ ನೋಡಿದಾಗ ಗೊತ್ತಾಯಿತು. ಈ ಸ್ಪೀಕರ್‌ನಲ್ಲಿ ಚಾರ್ಜರ್ ಬ್ಯಾಟರಿಗೆ ಮಾತ್ರ ಹೋಗುತ್ತದೆ, ಆ್ಯಂಪ್ ಕುಡಿಯುವುದು ಬ್ಯಾಟರಿಯಿಂದಲೇ. 2 ಆ್ಯಂಪ್ ಚಾರ್ಜರ್ ಪೆಟ್ಟಿನ ಹೊತ್ತಿಗೆ ಬೇಕಾಗುವ 4, 5 ಆ್ಯಂಪನ್ನು ಕೊಡಲಾರದು. ಬ್ಯಾಟರಿ ಸತ್ತಿದ್ದರೆ ಚಾರ್ಜರ್ ಇದ್ದೂ ಪ್ರಯೋಜನ ಇಲ್ಲ.

ಬ್ಯಾಟರಿ ಸತ್ತದ್ದು ಯಾಕೆ ಅಂತ ಹುಡುಕಬೇಕಾಗಿಲ್ಲ. ಹಬ್ಬದ ರಾತ್ರಿ ಖಾಲಿ ಆಗುವ ತನಕ ಹಾಡಿಸಿ, ಹಾಗೇ ಶಾಮಿಯಾನದ ಕೆಳಗೆ ತಳ್ಳಿ, ಮುಂದಿನ ಹಬ್ಬಕ್ಕೆ ಎಬ್ಬಿಸುತ್ತೇವೆ. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಖಾಲಿಯಾಗಿ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ.

ನವೆಂಬರ್ 10, ಸೋಮವಾರ

ಸಂಜೆ ಕೆಲಸ ಮುಗಿಸಿ ತುಮಕೂರಿನಲ್ಲೇ ಬ್ಯಾಟರಿ ಅಂಗಡಿಗೆ ಹೋದೆ. ಅದೇ ಅಳತೆಯ 12 ವೋಲ್ಟ್ 7 ಆ್ಯಂಪ್ ಅವರ್, 1,050 ರೂಪಾಯಿ. ಹಳೆಯದನ್ನು ಕೊಟ್ಟಿದ್ದಕ್ಕೆ 120 ಬಿಟ್ಟರು. ಹಳೆಯ ಬ್ಯಾಟರಿ ಗುಜರಿಗೆ ಹಾಕಬೇಡಿ, ಅಂಗಡಿಯವರೇ ತೆಗೆದುಕೊಳ್ಳುತ್ತಾರೆ.

ಅಂಗಡಿಯವರು ಒಂದು ಸಲಹೆಯನ್ನೂ ಕೊಟ್ಟರು. 'ಸಾರ್, ಹೊಸ ಬ್ಯಾಟರಿ ಯಾಕೆ, 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಸರಿ ಹೋಗತ್ತೆ' ಅಂದರು. ಬ್ಯಾಟರಿ ಮಾರುವವರೇ ಹೀಗೆ ಹೇಳಿದ್ದು ನೋಡಿ ಖುಷಿಯಾಯಿತು. ಆದರೆ ಲೆಕ್ಕ ಕೂಡುವುದಿಲ್ಲ. 4 ಆ್ಯಂಪ್ ಎಳೆದರೆ ಆ ಕೆಪಾಸಿಟರ್ ಒಂದೊಂದು ಮಿಲಿಸೆಕೆಂಡಿಗೂ ಸುಮಾರು 0.85 ವೋಲ್ಟ್ ಕಳೆದುಕೊಳ್ಳುತ್ತದೆ. ತಮಟೆಯ ಒಂದು ಪೆಟ್ಟು ಹತ್ತಾರು ಮಿಲಿಸೆಕೆಂಡ್ ಇರುತ್ತದೆ. ಅಷ್ಟರಲ್ಲಿ ಅದು ಬರಿದಾಗಿರುತ್ತದೆ.

ಹೊಸ ಬ್ಯಾಟರಿಯನ್ನು ಬಲ್ಬಿನಿಂದ ಪರೀಕ್ಷೆ ಮಾಡಿಯೇ ಒಳಗೆ ಕೂರಿಸಿದೆ. ಸುಮ್ಮನಿದ್ದಾಗ 12.9, ಬಲ್ಬ್ ಹಚ್ಚಿದಾಗ 12.2, ಐದು ನಿಮಿಷದ ನಂತರವೂ 12.0. ಇದು ಬದುಕಿರುವ ಬ್ಯಾಟರಿ. ವೈರಿನ ತುದಿಯ ಥಿಂಬಲ್ ಸಿಕ್ಕಿಸಿದೆ, ಕೆಂಪು ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಎರಡು ಸಲ ನೋಡಿ ಸಿಕ್ಕಿಸಿ. ಅದಲುಬದಲಾದರೆ ಆ್ಯಂಪ್ ಬೋರ್ಡ್ ಸುಟ್ಟುಹೋಗಬಹುದು.

ಹಾಡು ಹಾಕಿದೆ. 22 ದಾಟಿತು, 24 ದಾಟಿತು, ದನಿ ಸ್ವಚ್ಛ. ಡಿಸ್‌ಪ್ಲೇ ಮಂಕಾಗಲಿಲ್ಲ. ಗೆದ್ದೆ ಅಂದುಕೊಂಡು ಸಂಘದ ಹುಡುಗರಿಗೆ ಮೆಸೇಜ್ ಹಾಕಿದೆ. ಹಾಕಿ ಹತ್ತು ನಿಮಿಷ ಆಗಿರಲಿಲ್ಲ, 26ರಲ್ಲಿ 'ಬ್ಲೂಟೂತ್ ಮೋಡ್'.

ಆ ರಾತ್ರಿ ಸ್ಪೀಕರ್ ಮುಖ ನೋಡಲಿಲ್ಲ.

ನವೆಂಬರ್ 15, ಶನಿವಾರ

ಈ ಸಲ ಲಕ್ಷಣ ಸ್ವಲ್ಪ ಬೇರೆ. ದನಿ ಒಡೆಯುವುದಿಲ್ಲ, ಡಿಸ್‌ಪ್ಲೇ ಮಂಕಾಗುವುದಿಲ್ಲ. ಚೆನ್ನಾಗಿ ಹಾಡುತ್ತಾ ಹಾಡುತ್ತಾ ಪಟ್ ಅಂತ ರೀಸ್ಟಾರ್ಟ್. ವೋಲ್ಟೇಜ್ ಕುಸಿದರೆ ಹೀಗಾಗುವುದಿಲ್ಲ, ಎಲ್ಲೋ ಸಂಪರ್ಕವೇ ಕ್ಷಣ ಕಾಲ ಬಿಟ್ಟುಹೋಗುತ್ತಿರಬೇಕು. ಸೌಂಡ್ 10ಕ್ಕೆ ಇಳಿಸಿ ಪೆಟ್ಟಿಗೆಯ ಪಕ್ಕಕ್ಕೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟೆ. `bLUE`. ಇನ್ನೊಂದು ಗುದ್ದು. ಮತ್ತೆ `bLUE`. ಸೌಂಡಿಗೂ ಇದಕ್ಕೂ ಸಂಬಂಧವೇ ಇಲ್ಲ, ಅದುರಿದರೆ ಸಾಕು.

ಹಿಂದಿನ ಪ್ಯಾನಲ್ ತೆಗೆದು, ಹಾಡು ಓಡುತ್ತಿರುವಾಗ ಒಣಗಿದ ಬಿದಿರು ಕಡ್ಡಿಯಿಂದ ಒಂದೊಂದೇ ವೈರ್ ಅಲ್ಲಾಡಿಸಿದೆ. ಬ್ಯಾಟರಿಯ ಥಿಂಬಲ್, ಏನೂ ಇಲ್ಲ. ಸ್ವಿಚ್, ಏನೂ ಇಲ್ಲ. ಕೆಂಪು ವೈರಿನ ನಡುವೆ ತೂಗಾಡುತ್ತಿದ್ದ ಫ್ಯೂಸ್ ಹೋಲ್ಡರ್ ಮುಟ್ಟಿದ ಕೂಡಲೇ ಆರಿತು.

ಗಾಜಿನ ಫ್ಯೂಸ್ ಹಾಕುವ, ತಿರುಗಿಸಿ ಮುಚ್ಚುವ ತರಹದ ಹೋಲ್ಡರ್ ಅದು. ಬಿಚ್ಚಿ ನೋಡಿದರೆ ಒಳಗಿನ ಸ್ಪ್ರಿಂಗ್ ಕಪ್ಪಗಾಗಿತ್ತು, ಒಂದು ಕಡೆಯ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗಿ ಸೊಟ್ಟ ಆಗಿತ್ತು. ಫ್ಯೂಸಿನ ಲೋಹದ ಟೋಪಿಯಲ್ಲಿ ಸಣ್ಣ ಸಣ್ಣ ಚುಕ್ಕೆ, ಕಿಡಿ ಹಾರಿದ ಗುರುತು. ಫ್ಯೂಸ್ ಮಾತ್ರ ಸರಿಯಾಗಿತ್ತು. ಮೀಟರಿನಲ್ಲಿ ಬೀಪ್ ಕೂಡ ಬರುತ್ತಿತ್ತು. ಬೀಪ್ ಬಂದರೆ ಸಂಪರ್ಕ ಇದೆ ಅಂತ ಅಷ್ಟೇ ಅರ್ಥ, ಗಟ್ಟಿ ಇದೆ ಅಂತಲ್ಲ.

ಎಷ್ಟು ನಷ್ಟ ಆಗುತ್ತಿತ್ತು ಅಂತ ನೋಡುವ ಆಸೆಯಾಯಿತು. ಹಳೆಯ ಹೋಲ್ಡರನ್ನೇ ಮತ್ತೆ ಹಾಕಿ, ಆ್ಯಂಪಿನ ಜಾಗದಲ್ಲಿ ಅದೇ ಹೆಡ್‌ಲೈಟ್ ಬಲ್ಬ್ ಹಚ್ಚಿದೆ, ಈ ಸಲ ಕಲ್ಲಿನ ಮೇಲೆ ಇಟ್ಟು. ಬ್ಯಾಟರಿಯಲ್ಲಿ 12.2, ವೈರಿನ ಆ ತುದಿಯಲ್ಲಿ 11.1. ದಾರಿಯಲ್ಲಿ 1.1 ವೋಲ್ಟ್ ಮಾಯ. ಮೀಟರಿನ ಎರಡು ಕಡ್ಡಿಯನ್ನು ಹೋಲ್ಡರಿನ ಆಚೆ ಈಚೆ ಇಟ್ಟರೆ ಅಲ್ಲೇ 0.8. ಸ್ವಿಚ್ ಮೇಲೆ 0.1. ಉಳಿದದ್ದು ಸಣಕಲು ವೈರಿನಲ್ಲಿ. ಎಲ್ಲಿ ಕಳೆಯುತ್ತಿದೆ ಅಂತ ಹೀಗೆ ತುಂಡು ತುಂಡಾಗಿ ಅಳೆದರೆ ಬೇಗ ಗೊತ್ತಾಗುತ್ತದೆ. ಆದರೆ ಲೋಡ್ ಓಡುತ್ತಿರುವಾಗಲೇ ಅಳೆಯಬೇಕು. ಲೋಡ್ ಇಲ್ಲದಿದ್ದರೆ ಎಲ್ಲ ಕಡೆ ಸೊನ್ನೆ ತೋರಿಸುತ್ತದೆ.

ಕಾರಿನಲ್ಲಿ ಬರುವ ಬ್ಲೇಡ್ ಫ್ಯೂಸಿನ ಹೋಲ್ಡರ್ 40 ರೂಪಾಯಿ, 1.5 ಸ್ಕ್ವೇರ್ ಎಂಎಂ ವೈರ್ ಒಂದು ಮೀಟರ್, ಎರಡು ಹೊಸ ಥಿಂಬಲ್, ಎಲ್ಲ ಸೇರಿ 95. ಹಳೆಯ ಫ್ಯೂಸ್ 10 ಆ್ಯಂಪ್ ಇತ್ತು, 10ನ್ನೇ ಹಾಕಿದೆ. ಪಕ್ಕದ ಮನೆ ಹುಡುಗ '20 ಹಾಕಣ್ಣ, ಸೌಂಡ್ ಜಾಸ್ತಿ ಬರತ್ತೆ' ಅಂದ. ಸೌಂಡ್ ಬರುವುದಿಲ್ಲ, ಶಾರ್ಟ್ ಆದಾಗ ಹೊಗೆ ಬರುತ್ತದೆ. ಥಿಂಬಲನ್ನು ಇಕ್ಕುಳದಿಂದ ಒತ್ತಿ, ಮೇಲೆ ಸೋಲ್ಡರನ್ನೂ ಮಾಡಿದೆ. ಹೋಲ್ಡರ್ ತೂಗಾಡದ ಹಾಗೆ ಟೈ ಹಾಕಿ ಮರಕ್ಕೆ ಕಟ್ಟಿದೆ. ಮತ್ತೆ ಅಳೆದರೆ ಒಟ್ಟು ನಷ್ಟ 0.25 ವೋಲ್ಟ್. ಗುದ್ದಿದೆ. ಏನೂ ಆಗಲಿಲ್ಲ. ಜೋರಾಗಿ ಗುದ್ದಿದೆ. ಕೈ ನೋಯಿತು, ಹಾಡು ನಿಲ್ಲಲಿಲ್ಲ.

ಮೊದಲೇ ಹೋಲ್ಡರ್ ಕಂಡಿದ್ದರೆ ಬ್ಯಾಟರಿ ದುಡ್ಡು ಉಳಿಯುತ್ತಿತ್ತಾ? ಇಲ್ಲ. ಹಳೆಯ ಬ್ಯಾಟರಿ ಬಲ್ಬಿಗೇ ಒಂದು ನಿಮಿಷದಲ್ಲಿ ಕುಸಿದಿತ್ತು, ಅಲ್ಲಿ ಹೋಲ್ಡರ್ ಇರಲೇ ಇಲ್ಲ. ಎರಡೂ ಕೆಟ್ಟಿದ್ದವು.

ನವೆಂಬರ್ 16, ಭಾನುವಾರ

ಸದ್ದು ಸ್ವಚ್ಛವಾದ ಮೇಲೆ ಇನ್ನೊಂದು ಕಿರಿಕಿರಿ ಕೇಳಿಸತೊಡಗಿತು. ಕೆಲವು ಹಾಡಿನ ಕೆಲವು ಬೇಸ್ ಸ್ವರಕ್ಕೆ ಮಾತ್ರ, ಕಾಗದ ಅದುರಿದ ಹಾಗೆ ಬರ್ ಬರ್. ಇದು ಸೌಂಡ್ 12ರಲ್ಲೂ ಬರುತ್ತಿತ್ತು. ಬ್ಯಾಟರಿ ಕುಸಿದಾಗಿನ ಗೊರಗೊರ ಹಾಗಲ್ಲ, ಅದು ಸೌಂಡ್ ಏರಿದಾಗ ಎಲ್ಲ ಸ್ವರಕ್ಕೂ ಬರುತ್ತದೆ. ಒಂದೇ ಸ್ವರಕ್ಕೆ, ಸಣ್ಣ ಸೌಂಡಿನಲ್ಲೂ ಬಂದರೆ ಏನೋ ಸಡಿಲ ಇದೆ ಅಂತ ಅರ್ಥ.

ಮೊದಲು ವೂಫರಿನ ಕೋನ್ ನೋಡಿದೆ. ಆಫ್ ಮಾಡಿ, ಎರಡೂ ಕೈಯ ಬೆರಳನ್ನು ಕೋನಿನ ಸುತ್ತ ಸಮವಾಗಿ ಇಟ್ಟು ನಿಧಾನಕ್ಕೆ ಒಳಗೆ ಒತ್ತಿದೆ. ಒಳಗೆ ಸುರುಳಿ ಉಜ್ಜುತ್ತಿದ್ದರೆ ಮರಳು ಕಾಗದ ಎಳೆದ ಹಾಗೆ ಕೇಳಿಸುತ್ತದೆ. ಹಾಗಾಗಿದ್ದರೆ ಮನೆಯಲ್ಲಿ ಸರಿ ಮಾಡುವ ಕೆಲಸ ಅಲ್ಲ, ಹೊಸ ಕೋನ್ ಹಾಕಿಸಬೇಕು. ನನ್ನದು ರೇಷ್ಮೆಯ ಹಾಗೆ ಜಾರಿತು. ಮೀಟರಿನಲ್ಲಿ 3.4 ಓಮ್ ಬಂತು. 4 ಓಮ್ ಸ್ಪೀಕರಿಗೆ ಇದು ಸರಿಯಾದ ಅಳತೆ.

ಫೋನಿನಲ್ಲಿ ಒಂದೇ ಸ್ವರ ಹೊರಡಿಸುವ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ಸಣ್ಣ ಸೌಂಡಿನಲ್ಲಿ 40 ಹರ್ಟ್ಝ್‌ನಿಂದ ನಿಧಾನಕ್ಕೆ ಮೇಲೆ ಹೋದೆ. 80ರ ಹತ್ತಿರ ಬರ್ ಬರ್ ಶುರು. ಅಲ್ಲೇ ನಿಲ್ಲಿಸಿ ಒಂದೊಂದೇ ಜಾಗ ಬೆರಳಿನಿಂದ ಒತ್ತುತ್ತಾ ಹೋದೆ. ಮುಂದಿನ ಜಾಲರಿ, ಅಲ್ಲ. ಹಿಡಿಕೆ, ಅಲ್ಲ. ವೂಫರಿನ ನಡುವೆ ಬೋರಲು ಹಾಕಿದ ಬಟ್ಟಲಿನ ಹಾಗೆ ಇರುವ ಡಸ್ಟ್ ಕ್ಯಾಪ್‌ನ ಅಂಚಿಗೆ ಬೆರಳು ತಾಗಿಸಿದೆ. ನಿಂತಿತು. ತೆಗೆದೆ, ಬಂತು. ಟಾರ್ಚ್ ಹಿಡಿದು ನೋಡಿದರೆ ಎರಡು ಬೆರಳಗಲ ಅಂಟು ಬಿಟ್ಟಿತ್ತು.

ಚಪ್ಪಲಿಗೆ ಹಾಕುವ ರಬ್ಬರ್ ಅಂಟನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಸಂದಿಗೆ ತೆಳುವಾಗಿ ಸವರಿದೆ. ಕೆಳಗೆ ಸುರುಳಿಯ ಸಂದಿಗೆ ಒಂದು ಹನಿ ಇಳಿದರೂ ಕೋನ್ ಕಚ್ಚಿಕೊಳ್ಳುತ್ತದೆ, ಅದಕ್ಕೆ ಸ್ಪೀಕರನ್ನು ಮುಖ ಕೆಳಗೆ ಮಾಡಿ ಎರಡು ಇಟ್ಟಿಗೆ ಮೇಲೆ ಇಟ್ಟು ಒಣಗಿಸಿದೆ. ಫೆವಿಕ್ವಿಕ್ ಬೇಡ. ಅದು ನೀರಿನ ಹಾಗೆ ಹರಿಯುತ್ತದೆ, ಒಣಗಿದ ಮೇಲೆ ಗಾಜಿನ ಹಾಗೆ ಒಡೆಯುತ್ತದೆ. ಖರ್ಚು 20 ರೂಪಾಯಿ.

ನವೆಂಬರ್ 22, ಶನಿವಾರ

ಬೀದಿಯಲ್ಲಿ ಇಟ್ಟು ಒಂದೂವರೆ ಗಂಟೆ ಹಾಡಿಸಿದೆವು. ರೀಸ್ಟಾರ್ಟ್ ಒಂದೂ ಇಲ್ಲ. ಆದರೆ ಬ್ಲೂಟೂತ್ ಎರಡು ಸಲ ನಿಜವಾಗಿಯೇ ಬಿಟ್ಟುಹೋಯಿತು. ಈ ಸಲ ಡಿಸ್‌ಪ್ಲೇ ಆರಲಿಲ್ಲ, ಸೌಂಡ್ 24ರಲ್ಲೇ ಉಳಿಯಿತು. ಹಾಗಾಗಿ ಕಾರಣ ಹುಡುಕುವುದು ಕಷ್ಟ ಆಗಲಿಲ್ಲ. ಒಂದು ಸಲ ಫೋನ್ ಹಿಡಿದವನು ಕಾಫಿ ಕುಡಿಯಲು ಮನೆಯೊಳಗೆ ಹೋಗಿದ್ದ, ನಡುವೆ ಒಂದೂವರೆ ಅಡಿ ದಪ್ಪದ ಹಳೆಯ ಗೋಡೆ. ಇನ್ನೊಂದು ಸಲ ಸ್ಪೀಕರ್ ನೆಲದ ಮೇಲಿತ್ತು, ಸುತ್ತ ಹದಿನೈದು ಜನ ನಿಂತಿದ್ದರು. ಬ್ಲೂಟೂತ್ ಬೋರ್ಡ್ ಹಿಂಭಾಗದಲ್ಲಿ ಮೊಣಕಾಲೆತ್ತರದಲ್ಲಿ ಇದೆ. ಜನರ ಮೈ ನೀರಿನ ಚೀಲದ ಹಾಗೆ ಈ ತರಂಗವನ್ನು ಹೀರುತ್ತದೆ. ಸ್ಪೀಕರನ್ನು ಟೇಬಲ್ ಮೇಲೆ ಎತ್ತಿ, ಫೋನನ್ನು ಅದರ ಹಿಂದಿನ ಕುರ್ಚಿಯಲ್ಲಿ ಇಟ್ಟ ಮೇಲೆ ಆ ತೊಂದರೆ ಬರಲಿಲ್ಲ. ಹಿಂದೆ ಜೋಡಿಸಿದ್ದ ಬೇರೆಯವರ ಫೋನುಗಳಲ್ಲಿ ಬ್ಲೂಟೂತ್ ಆಫ್ ಮಾಡಿಸಿದೆವು. ಇಲ್ಲದಿದ್ದರೆ ಒಮ್ಮೆ ಬಿಟ್ಟುಹೋದಾಗ ಯಾರದೋ ಫೋನ್ ನುಗ್ಗಿ ಕೂರುತ್ತದೆ, ನಮ್ಮದು ಹೊರಗೆ ಉಳಿಯುತ್ತದೆ.

28, 30ರಲ್ಲಿ ದನಿ ಈಗಲೂ ಒಡೆಯುತ್ತದೆ. ಅದನ್ನು ಸರಿ ಮಾಡಲು ಆಗುವುದಿಲ್ಲ. 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ಓಡುವ ಆ್ಯಂಪ್, ಎರಡೂ ಕಡೆಯಿಂದ ತಳ್ಳುವ ಬ್ರಿಡ್ಜ್ ತರಹದ್ದಾದರೂ, 11 ವೋಲ್ಟ್ ಎತ್ತರದ ಅಲೆ ಕೊಟ್ಟೀತು. 4 ಓಮ್ ಸ್ಪೀಕರಿಗೆ ಅದು ಸುಮಾರು 15 ವ್ಯಾಟ್. ಪೆಟ್ಟಿಗೆ ಮೇಲೆ ಸಾವಿರಗಟ್ಟಲೆ ವ್ಯಾಟ್ ಬರೆದಿರುವುದು ನನಗೆ ಗೊತ್ತು. ಹಳೆಯ ಬ್ಯಾಟರಿ 9.5ಕ್ಕೆ ಕುಸಿದಾಗ ಅದೇ ಲೆಕ್ಕದಲ್ಲಿ 9 ವ್ಯಾಟ್ ಬರುತ್ತಿತ್ತು. ಹುಡುಗರು ಫೋನಿನ ಈಕ್ವಲೈಸರಿನಲ್ಲೂ ಬೇಸ್ ಪೂರ್ತಿ, ಸ್ಪೀಕರಿನ ಗುಂಡಿಯಲ್ಲೂ ಬೇಸ್ ಪೂರ್ತಿ ಇಡುತ್ತಾರೆ. ಆಗ 20ರಲ್ಲೇ ಒಡೆಯುತ್ತದೆ. ಫೋನಿನ ಈಕ್ವಲೈಸರ್ ಆಫ್, ಫೋನಿನ ಸೌಂಡ್ ಮುಕ್ಕಾಲು, ಬೇಸ್ ಗುಂಡಿ ನಡುವೆ ಇಟ್ಟರೆ 26ರ ತನಕ ಸ್ವಚ್ಛವಾಗಿ ಕೇಳುತ್ತದೆ. ಪ್ಯಾನಲ್ ಮೇಲೆ '26' ಅಂತ ಬಿಳಿ ಟೇಪಿನಲ್ಲಿ ಬರೆದು ಅಂಟಿಸಿದ್ದೇನೆ.

ಒಟ್ಟು ಖರ್ಚು: ಬ್ಯಾಟರಿ 930, ಹೋಲ್ಡರ್ ಮತ್ತು ವೈರ್ 95, ಅಂಟು 20, ಬೇಕಿಲ್ಲದ ಪ್ಯಾನಲ್ 380. ಸಂಘದವರು 1,045 ಕೊಟ್ಟರು. 380 ನನ್ನ ಕಿಸೆಯಿಂದ, ಸ್ಟೂಲ್ ಲೆಕ್ಕ ಬೇರೆ.

ಡಿಸೆಂಬರ್ 14, ಭಾನುವಾರ

ದೇವಸ್ಥಾನದ ಕೋಣೆಯ ಬೀಗದ ಕೈ ಈಸಿಕೊಂಡು ಹೋಗಿ ಮೀಟರ್ ಹಿಡಿದೆ. 12.7. ಆದರೂ ಆರು ಗಂಟೆ ಚಾರ್ಜಿಗೆ ಹಾಕಿ ಬಂದೆ. ಬ್ಯಾಟರಿಯ ಮೇಲೆ ತಂದ ತಾರೀಕು, ಚಾರ್ಜ್ ಮಾಡಿದ ತಾರೀಕು ಬರೆಯಲು ಒಂದು ಕಾಗದ ಅಂಟಿಸಿದ್ದೇನೆ. ತಿಂಗಳಿಗೊಮ್ಮೆ ಪೂಜಾರಿಗಳ ಮಗ ನೋಡಿಕೊಳ್ಳುತ್ತಾನಂತೆ. '26' ಟೇಪನ್ನು ಯಾರೋ ಆಗಲೇ ಕಿತ್ತಿದ್ದಾರೆ.